ಮೊಸರನ್ನ ತಿಂದು ಬೆಳೆಯುವ ಬೆಕ್ಕಿಗೆ ಏನು ಸಿಗುವುದಿಲ್ಲ?

"ನಮ್ಮದು ಸಸ್ಯಾಹಾರಿ ಮನೆ. ಎಂಟು ತಿಂಗಳ ಬೆಕ್ಕಿಗೆ ಹಾಲು, ಮೊಸರನ್ನ ಹಾಕುತ್ತಿದ್ದೇವೆ. ಚೆನ್ನಾಗಿಯೇ ತಿನ್ನುತ್ತೆ. ಹೀಗೇ ಸಾಕಬಹುದಾ? ಆಗಲ್ಲ ಅಂದ್ರೆ ಚಿಕನ್ ತಂದು ಬೇಯಿಸಿ ಹಾಕಿದರೆ ಸಾಕಾ?"

ದಯವಿಟ್ಟು ಹೀಗೆ ಮುಂದುವರಿಸಬೇಡಿ. ನಮ್ಮ ಚಿನ್ನಿಯನ್ನು ಮೂರು ವರ್ಷ ನಾನೂ ಹೀಗೇ ಸಾಕಿದೆ. ಹಾಲು, ಮೊಸರನ್ನ, ಆಗಾಗ ಸ್ವಲ್ಪ ಪನೀರ್. ಮೈ ತುಂಬಿಕೊಂಡು ದುಂಡಗಿದ್ದಳು, ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಒಂದು ದಿನ ಕುರ್ಚಿಯ ಜಾಗ ಬದಲಿಸಿದಾಗ ನೇರ ಹೋಗಿ ಡಿಕ್ಕಿ ಹೊಡೆದಳು. ಆಮೇಲೆ ಗಮನಿಸಿ ನೋಡಿದರೆ, ಹಗಲು ಬೆಳಕಿನಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇತ್ತು. ವೈದ್ಯರು ಕಣ್ಣಿನ ಹಿಂಪದರ ಪರೀಕ್ಷಿಸಿ, ರೆಟಿನಾ ಸವೆದಿದೆ ಎಂದರು. ಎದೆಯ ಸ್ಕ್ಯಾನ್ ಮಾಡಿಸಿದಾಗ ಹೃದಯವೂ ಹಿಗ್ಗಿ, ಬಡಿತದ ಬಲ ಕುಂದಿತ್ತು. ಎರಡಕ್ಕೂ ಕಾರಣ ಒಂದೇ, ಟಾರೀನ್ ಕೊರತೆ.

ಟಾರೀನ್ ಒಂದು ಬಗೆಯ ಅಮೈನೋ ಆಮ್ಲ. ಮನುಷ್ಯರು, ಬಹುಪಾಲು ನಾಯಿಗಳು ಬೇರೆ ಅಮೈನೋ ಆಮ್ಲಗಳಿಂದ ಅದನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಬೆಕ್ಕಿಗೆ ಆ ಶಕ್ತಿ ತೀರಾ ಕಡಿಮೆ. ಅದರ ಮೇಲೆ, ಪಿತ್ತರಸ ತಯಾರಿಸಲು ಬೆಕ್ಕು ಟಾರೀನನ್ನೇ ಬಳಸುವುದರಿಂದ ದಿನವೂ ಅದು ಕರಗುತ್ತಿರುತ್ತದೆ. ಅನ್ನ, ಬೇಳೆ, ತರಕಾರಿಯಲ್ಲಿ ಟಾರೀನ್ ಇಲ್ಲವೆಂದೇ ಹೇಳಬೇಕು, ಹಾಲು ಮೊಸರಿನಲ್ಲೂ ಲೆಕ್ಕಕ್ಕೆ ಬಾರದಷ್ಟು. ಕೊರತೆ ಕಾಣಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ಬೆಕ್ಕು ಆರೋಗ್ಯವಾಗಿಯೇ ಕಾಣುತ್ತದೆ. ಟಾರೀನ್ ಇಲ್ಲದೆ ಬೆಕ್ಕಿನ ರೆಟಿನಾ ಹಾಳಾಗುತ್ತದೆಂದು 1975ರಲ್ಲೂ, ಹೃದಯ ಹಿಗ್ಗುತ್ತದೆಂದು 1987ರಲ್ಲೂ ಸಂಶೋಧಕರು ತೋರಿಸಿದರು. ಎರಡನೆಯದು ಹೊರಬಂದ ಮೇಲೆ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಸೇರಿಸುವ ಟಾರೀನ್ ಹೆಚ್ಚಿಸಿದವು, ಆ ಹೃದಯರೋಗ ಅಪರೂಪವಾಯಿತು.

ವೈದ್ಯರು ಚಿನ್ನಿಗೆ ದಿನಕ್ಕೆ ಎರಡು ಸಲ 250 ಮಿಲಿಗ್ರಾಂ ಟಾರೀನ್ ಬರೆದುಕೊಟ್ಟರು, ಊಟವನ್ನೂ ಬದಲಿಸಿದೆವು. ನಾಲ್ಕು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಹೃದಯ ಬಹುಮಟ್ಟಿಗೆ ಸುಧಾರಿಸಿತ್ತು. ಕಣ್ಣು ಮಾತ್ರ ಬರಲಿಲ್ಲ. ಸತ್ತ ರೆಟಿನಾ ಮತ್ತೆ ಚಿಗುರುವುದಿಲ್ಲ.

"ಅಜ್ಜಿ ಮನೆಯ ಬೆಕ್ಕು ಹಾಲು ಅನ್ನ ತಿಂದೇ ಹತ್ತು ವರ್ಷ ಬದುಕಿತ್ತಲ್ಲ" ಎಂದು ನಮ್ಮಮ್ಮ ಕೇಳಿದ್ದರು. ಆ ಬೆಕ್ಕು ಅಟ್ಟದಲ್ಲಿ ಇಲಿ, ಹಿತ್ತಲಲ್ಲಿ ಓತಿಕೇತ, ಹಕ್ಕಿ ಹಿಡಿಯುತ್ತಿತ್ತು. ನಾವು ಹಾಕುತ್ತಿದ್ದ ಹಾಲನ್ನ ಅದಕ್ಕೆ ಮೇಲೂಟ. ಕಿಟಕಿಗೆ ಜಾಲರಿ ಹಾಕಿದ ಫ್ಲಾಟಿನಲ್ಲಿರುವ ಬೆಕ್ಕಿಗೆ ನಾವು ತಟ್ಟೆಗೆ ಹಾಕಿದ್ದೇ ಸರ್ವಸ್ವ.

ಇಲಿಯ ವಿಷಯ ಬಂದದ್ದರಿಂದ ನಿಮ್ಮ ಚಿಕನ್ ಪ್ರಶ್ನೆಗೂ ಉತ್ತರ ಸಿಗುತ್ತದೆ. ಬೆಕ್ಕು ಇಲಿಯನ್ನು ಮೂಳೆ, ಕರುಳು, ಪಿತ್ತಜನಕಾಂಗ ಸಮೇತ ತಿನ್ನುತ್ತದೆ. ನಾವು ಹಾಕುವುದು ಬರೀ ಬೋನ್‌ಲೆಸ್. 100 ಗ್ರಾಂ ಕೋಳಿ ಎದೆಮಾಂಸದಲ್ಲಿ ರಂಜಕ ಸುಮಾರು 200 ಮಿಲಿಗ್ರಾಂ ಇದ್ದರೆ ಕ್ಯಾಲ್ಸಿಯಂ ಹತ್ತು ಹದಿನೈದು ಮಿಲಿಗ್ರಾಂ ಅಷ್ಟೇ. ಬೆಕ್ಕಿಗೆ ಬೇಕಾದದ್ದು ಎರಡೂ ಹೆಚ್ಚುಕಡಿಮೆ ಸಮ. ಕೊರತೆ ತುಂಬಿಸಲು ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಬೆಳೆಯುವ ಮರಿಯಲ್ಲಿ ಇದು ಕೆಲವೇ ವಾರಗಳಲ್ಲಿ ಕಾಣಿಸುತ್ತದೆ: ಜಿಗಿಯಲು ಹಿಂಜರಿಯುತ್ತದೆ, ಕುಂಟುತ್ತದೆ, ಎತ್ತಿಕೊಂಡರೆ ನೋವಿನಿಂದ ಕೂಗುತ್ತದೆ, ಸೋಫಾದಿಂದ ಇಳಿದಷ್ಟಕ್ಕೇ ಕಾಲು ಮುರಿಯಬಹುದು. ಹಾಗಂತ ಮೂಳೆ ಬೇಯಿಸಿ ಹಾಕಬೇಡಿ, ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಚಿಕನ್ ಬೇಯಿಸಿದ ನೀರು ಚೆಲ್ಲಿದರೆ ಟಾರೀನ್‌ನ ಬಹುಪಾಲೂ ಅದರೊಂದಿಗೇ ಹೋಗುತ್ತದೆ.

ಇನ್ನೊಂದು, ವಿಟಮಿನ್ ಎ. ಕ್ಯಾರೆಟ್, ಕುಂಬಳಕಾಯಿಯ ಹಳದಿ ಅಂಶವನ್ನು ನಮ್ಮ ದೇಹ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಅದು ಬರುವುದಿಲ್ಲ. ಅದಕ್ಕೆ ಸಿದ್ಧ ವಿಟಮಿನ್ನೇ ಬೇಕು, ಪ್ರಕೃತಿಯಲ್ಲಿ ಅದು ಪಿತ್ತಜನಕಾಂಗದಂಥ ಪ್ರಾಣಿಜನ್ಯ ಆಹಾರದಲ್ಲಿದೆ. ಆದರೆ ದಿನವೂ ಲಿವರ್ ಹಾಕಿದರೆ ವಿಟಮಿನ್ ಎ ಅತಿಯಾಗಿ ಕತ್ತಿನ ಮೂಳೆಗಳು ಬೆಸೆದುಕೊಳ್ಳುತ್ತವೆ. ಹೀಗಾಗಿ ಕೈಅಂದಾಜಿನಲ್ಲಿ ಟಾರೀನ್ ಪುಡಿ ಉದುರಿಸಿ ಮನೆಯೂಟವನ್ನು ಸರಿಮಾಡಿಕೊಳ್ಳಲು ಆಗುವುದಿಲ್ಲ.

ನಿಮ್ಮ ಮನೆಗೆ ಸುಲಭದ ದಾರಿ ಪ್ಯಾಕೆಟ್ಟಿನ ಬೆಕ್ಕಿನ ಆಹಾರ. ಮಾಂಸ ಮುಟ್ಟುವ, ಬೇಯಿಸುವ ಪ್ರಶ್ನೆಯೇ ಇಲ್ಲ, ಒಂದು ಬಟ್ಟಲು ಬೇರೆ ಇಟ್ಟರಾಯಿತು. ಪ್ಯಾಕೆಟ್ ಮೇಲೆ "ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್" ಎಂದಿದೆಯೇ, ಮರಿಗಳಿಗೆ ಸೂಕ್ತವೆಂದಿದೆಯೇ ನೋಡಿ. ನಾಯಿಯ ಆಹಾರ ತರಬೇಡಿ. ಮನೆಯೂಟವೇ ಬೇಕೆಂದರೆ ಪಶು ಪೋಷಣೆ ತಿಳಿದ ವೈದ್ಯರು ತೂಕ ಹಾಕಿ ಬರೆದುಕೊಟ್ಟ ಪಾಕಕ್ರಮ ಬೇಕು, ಅದರಲ್ಲೂ ಮಾಂಸ ಇದ್ದೇ ಇರುತ್ತದೆ.

ಒಮ್ಮೆಗೇ ಬದಲಿಸಬೇಡಿ. ಮೊಸರನ್ನಕ್ಕೆ ಮೊದಲು ಕಾಲು ಭಾಗ ಹೊಸ ಆಹಾರ ಬೆರೆಸಿ, ಏಳರಿಂದ ಹತ್ತು ದಿನದಲ್ಲಿ ಪೂರ್ತಿ ಬದಲಿಸಿ. ಹಸಿವಾದರೆ ತಾನೇ ತಿನ್ನುತ್ತದೆ ಎಂದು ಉಪವಾಸ ಕೆಡವಬೇಡಿ, ಒಂದೆರಡು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯವಾಗಬಹುದು. ಈ ವಾರವೇ ವೈದ್ಯರ ಬಳಿ ಒಯ್ದು ಕಣ್ಣು, ಎದೆ ತೋರಿಸಿ. ಇಷ್ಟು ದಿನ ಏನು ತಿನ್ನಿಸಿದಿರೆಂದು ಮುಚ್ಚಿಡದೆ ಹೇಳಿ. ನಾನು ಮೊದಲ ಭೇಟಿಯಲ್ಲಿ ನಾಚಿಕೊಂಡು "ಎಲ್ಲಾ ತಿನ್ನುತ್ತಾಳೆ" ಎಂದಿದ್ದೆ. ಕಾರಣ ಗೊತ್ತಾಗಲು ಅದರಿಂದ ಎರಡು ವಾರ ತಡವಾಯಿತು.