ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿಗೆ ಹೆದರಿ ಎಫ್‌ಡಿ ಆರಿಸಬೇಡಿ

ಪ್ರಶ್ನೆ: "ಮುಂದಿನ ತಿಂಗಳು 60 ತುಂಬಿ ನಿವೃತ್ತನಾಗುತ್ತಿದ್ದೇನೆ, ಹೆಂಡತಿಗೂ 60 ಆಗಿದೆ. ಬೆಂಗಳೂರಿನಲ್ಲಿ ಸ್ವಂತ ಮನೆ ಇದೆ, ಹೇಳಿಕೊಳ್ಳುವಂಥ ಪಿಂಚಣಿ ಇಲ್ಲ. ಕೈಗೆ 40 ಲಕ್ಷ ಬರುತ್ತದೆ, ತಿಂಗಳಿಗೆ 20 ಸಾವಿರ ಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಮೂರು ತಿಂಗಳಿಗೊಮ್ಮೆ ಮಾತ್ರ ಬಡ್ಡಿ ಬರುತ್ತದೆ, ಬ್ಯಾಂಕ್ ಎಫ್‌ಡಿಯಲ್ಲಿ ತಿಂಗಳು ತಿಂಗಳೂ ಬರುತ್ತದೆ. ಹಾಗಾಗಿ ಎಫ್‌ಡಿಯೇ ಸರಿಯಲ್ಲವೇ?"

ಸರಿಯಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಪೀಣ್ಯದ ಕಾರ್ಖಾನೆಯೊಂದರಿಂದ ನಿವೃತ್ತನಾದಾಗ ನಾನು ಇದೇ ಕಾರಣಕ್ಕೆ ಎಫ್‌ಡಿಯನ್ನು ಆರಿಸಿಕೊಂಡೆ. ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯ ಹಣದಲ್ಲಿ ಮಗಳ ಮದುವೆಯ ಸಾಲ ತೀರಿಸಿದ ಮೇಲೆ ಉಳಿದದ್ದು 15 ಲಕ್ಷ. ಆಗ ಹಿರಿಯ ನಾಗರಿಕರ ಯೋಜನೆಯಲ್ಲಿ ಒಬ್ಬರು ಇಡಬಹುದಾಗಿದ್ದ ಗರಿಷ್ಠ ಮೊತ್ತವೂ ಅಷ್ಟೇ ಆಗಿತ್ತು, ಬಡ್ಡಿ 8.6% ಇತ್ತು. ನನ್ನ ಬ್ಯಾಂಕಿನ ಶಾಖೆಯಲ್ಲಿ ಹಿರಿಯರಿಗೆ ಒಂದು ವರ್ಷದ ಎಫ್‌ಡಿಗೆ 7.3% ಕೊಡುತ್ತಿದ್ದರು. ಎರಡರ ನಡುವಿನ ಅಂತರ ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ನಲವತ್ತು ವರ್ಷ ತಿಂಗಳ ಕೊನೆಗೆ ಸಂಬಳ ಎಣಿಸಿಕೊಂಡವನಿಗೆ ಮೂರು ತಿಂಗಳು ಕಾಯುವುದೆಂದರೆ ದಿಗಿಲಾಯಿತು. ಹಾಲು, ಕರೆಂಟು, ನೀರು, ಔಷಧಿ, ಇವುಗಳ ಬಿಲ್ಲು ಮೂರು ತಿಂಗಳಿಗೊಮ್ಮೆ ಬರುವುದಿಲ್ಲವಲ್ಲ ಎಂದು ಮನೆಯಲ್ಲಿ ವಾದಿಸಿ, ತಿಂಗಳ ಬಡ್ಡಿಯ ಎಫ್‌ಡಿ ಮಾಡಿಸಿ ಬಂದೆ.

ಅಕ್ಟೋಬರ್‌ನಿಂದ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳೂ 9,070 ರೂಪಾಯಿ ಜಮಾ ಆಗತೊಡಗಿತು. 15 ಲಕ್ಷಕ್ಕೆ 7.3% ಎಂದರೆ ತಿಂಗಳಿಗೆ 9,125 ಬರಬೇಕಿತ್ತು. ಕೇಳಿದಾಗ, ಬ್ಯಾಂಕಿನ ದರ ಮೂರು ತಿಂಗಳಿಗೊಮ್ಮೆ ಬಡ್ಡಿ ಕೊಡುವ ಲೆಕ್ಕದ್ದು, ತಿಂಗಳಿಗೇ ಮುಂಚಿತವಾಗಿ ತೆಗೆದುಕೊಂಡರೆ ಅಷ್ಟು ಕಡಿತವಾಗುತ್ತದೆ ಎಂದು ವಿವರಿಸಿದರು. ಐವತ್ತೈದು ರೂಪಾಯಿಯ ಮಾತು, ದೊಡ್ಡದಲ್ಲ. ಆದರೆ ತಿಂಗಳ ಬಡ್ಡಿಗೆ ಬೆಲೆಯುಂಟು ಎಂಬುದು ಅಲ್ಲಿಯೇ ಕಾಣುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಒಂದು ವರ್ಷದ ನಂತರ. 2020ರ ಅಕ್ಟೋಬರ್‌ನಲ್ಲಿ ಎಫ್‌ಡಿ ಅವಧಿ ಮುಗಿದಾಗ ಅದೇ ಶಾಖೆಯಲ್ಲಿ ಹಿರಿಯರ ದರ 5.6%ಕ್ಕೆ ಇಳಿದಿತ್ತು. ಅದೇ 15 ಲಕ್ಷವನ್ನು ಅದೇ ರೀತಿಯಲ್ಲಿ ಮುಂದುವರಿಸಿದ್ದರೆ ತಿಂಗಳಿಗೆ ಬರುತ್ತಿದ್ದದ್ದು 6,968 ರೂಪಾಯಿ. ನಮ್ಮ ಖರ್ಚಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ, ಆದಾಯದಲ್ಲಿ ಮಾತ್ರ ಎರಡು ಸಾವಿರದ ಮೇಲೆ ಹೋಗಿತ್ತು. ಒಂದು ವರ್ಷ ಮೊದಲು ಹಿರಿಯ ನಾಗರಿಕರ ಯೋಜನೆಗೆ ಹಾಕಿದ್ದರೆ ಮೂರು ತಿಂಗಳಿಗೆ 32,250, ಅಂದರೆ ತಿಂಗಳಿಗೆ 10,750ರಂತೆ, ಐದು ವರ್ಷ ಕದಲದೆ ಬರುತ್ತಿತ್ತು.

ನನ್ನ ತಪ್ಪು ಯಾವುದೆಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಅದರ ಹೊಸ್ತಿಲಲ್ಲಿಯೇ ನಿಂತಿದ್ದೀರಿ. ಕಡಿಮೆ ಬಡ್ಡಿಯ ಕಡೆ ಹೋದದ್ದು ತಪ್ಪಿನ ಒಂದು ಭಾಗ ಮಾತ್ರ. ಬಡ್ಡಿ ಎಷ್ಟು ದಿನಕ್ಕೊಮ್ಮೆ ಕೈಗೆ ಬರುತ್ತದೆ ಎಂದು ಕೇಳಿದೆನೇ ಹೊರತು, ಆ ದರ ಎಷ್ಟು ವರ್ಷ ನಿಲ್ಲುತ್ತದೆ ಎಂದು ಕೇಳಲಿಲ್ಲ. ಹಿರಿಯ ನಾಗರಿಕರ ಯೋಜನೆಯ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದರೆ ಬದಲಾದ ದರ ಅನ್ವಯಿಸುವುದು ಹೊಸ ಖಾತೆಗಳಿಗೆ. ನೀವು ಖಾತೆ ತೆರೆದ ದಿನದ ದರ ನಿಮಗೆ ಐದು ವರ್ಷವೂ ಅದೇ. ಎಫ್‌ಡಿಯಲ್ಲೂ ಅವಧಿ ಮುಗಿಯುವವರೆಗೆ ದರ ಬದಲಾಗುವುದಿಲ್ಲ ನಿಜ, ಆದರೆ ನಮ್ಮಂಥವರು "ಯಾವುದಕ್ಕೂ ಇರಲಿ" ಎಂದು ಒಂದು ವರ್ಷಕ್ಕೆ ಇಡುತ್ತೇವೆ, ಆಮೇಲೆ ಪ್ರತಿ ವರ್ಷ ಆ ಹೊತ್ತಿನ ದರಕ್ಕೆ ತಲೆಬಾಗುತ್ತೇವೆ.

ಸೂಚನೆಗಳು ಕಣ್ಣ ಮುಂದೆಯೇ ಇದ್ದವು. ರಿಸರ್ವ್ ಬ್ಯಾಂಕ್ 2019ರಲ್ಲಿ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ ದರವನ್ನು, ಐದು ಸಲ ಇಳಿಸಿ 6.5%ರಿಂದ 5.15%ಕ್ಕೆ ತಂದಿತ್ತು. ರೆಪೊ ಇಳಿದರೆ ಬ್ಯಾಂಕುಗಳು ಹೊಸ ಎಫ್‌ಡಿಗಳ ದರವನ್ನು ಬೇಗ ಇಳಿಸುತ್ತವೆ, ಉಳಿತಾಯ ಯೋಜನೆಗಳ ದರ ಮಾತ್ರ ತ್ರೈಮಾಸಿಕದ ಆರಂಭದಲ್ಲಿಯೇ ಬದಲಾಗಬೇಕು. ಈ ನಡುವಿನ ಸಮಯವೇ ಹಿರಿಯರಿಗೆ ಸಿಗುವ ಅವಕಾಶ. 2020ರ ಮಾರ್ಚ್ ಕೊನೆಯವರೆಗೂ 8.6% ಸಿಗುತ್ತಿತ್ತು. ಎಫ್‌ಡಿ ಮುರಿಸಿದ್ದರೆ ನನ್ನ ಅಂದಾಜಿನಲ್ಲಿ ಹತ್ತು ಹನ್ನೆರಡು ಸಾವಿರ ಬಡ್ಡಿ ಹೋಗುತ್ತಿತ್ತು, ಆ ನಷ್ಟಕ್ಕೆ ಮನಸ್ಸು ಒಪ್ಪದೆ ಕಾದೆ. ಏಪ್ರಿಲ್ 1ರಿಂದ ದರ 7.4% ಆಯಿತು. ಅಕ್ಟೋಬರ್‌ನಲ್ಲಿ ಕೊನೆಗೂ ಹಣವನ್ನು ಯೋಜನೆಗೆ ವರ್ಗಾಯಿಸಿದಾಗ ನನಗೆ ಸಿಕ್ಕದ್ದು ಅದೇ 7.4%. ಐದು ವರ್ಷಕ್ಕೆ 1.2%ರ ವ್ಯತ್ಯಾಸವೆಂದರೆ 15 ಲಕ್ಷದ ಮೇಲೆ 90 ಸಾವಿರ ರೂಪಾಯಿ. ಹನ್ನೆರಡು ಸಾವಿರ ಉಳಿಸಲು ಹೋಗಿ ಅದನ್ನು ಬಿಟ್ಟುಕೊಟ್ಟೆ.

ಮುಂದೆ 2023ರ ಏಪ್ರಿಲ್‌ನಲ್ಲಿ ದರ 8.2%ಕ್ಕೆ ಏರಿದಾಗ ಕಾಯುತ್ತಾ ಕೂರಲಿಲ್ಲ. ಎರಡು ವರ್ಷ ದಾಟಿದ್ದ ಖಾತೆಯನ್ನು ಮುಚ್ಚಿಸಿದೆ. ಅಸಲಿನ 1%, ಅಂದರೆ 15 ಸಾವಿರ ಕಡಿತವಾಯಿತು. ಹೊಸ ದರದಲ್ಲಿ ವರ್ಷಕ್ಕೆ 12 ಸಾವಿರ ಹೆಚ್ಚು ಬರುವುದರಿಂದ ಒಂದೂಕಾಲು ವರ್ಷದಲ್ಲಿ ಆ ಕಡಿತ ತುಂಬಿಕೊಂಡಿತು.

ಈಗ ನಿಮ್ಮ ತಿಂಗಳ ಖರ್ಚಿನ ಪ್ರಶ್ನೆ. ಮೂರು ತಿಂಗಳಿಗೊಮ್ಮೆ ಬರುವ ಹಣವನ್ನು ತಿಂಗಳ ಹಣವನ್ನಾಗಿ ಮಾಡಲು ಬೇಕಾದದ್ದು ಒಂದು ತ್ರೈಮಾಸಿಕದ ಮುಂಗಡ, ಅಷ್ಟೇ. ಇಂದು ಒಬ್ಬರ ಮಿತಿ 30 ಲಕ್ಷ. ಅಷ್ಟನ್ನೂ 8.2%ರಲ್ಲಿ ಇಟ್ಟರೆ ವರ್ಷಕ್ಕೆ 2,46,000, ಮೂರು ತಿಂಗಳಿಗೆ 61,500, ತಿಂಗಳಿಗೆ 20,500 ಆಗುತ್ತದೆ. ನೀವು ಕೇಳಿದ್ದೂ ಅಷ್ಟೇ. ಖಾತೆ ತೆರೆಯುವ ದಿನ ದರ ಎಷ್ಟಿದೆ ಎಂದು ವಿಚಾರಿಸಿ ಈ ಲೆಕ್ಕವನ್ನು ಮತ್ತೊಮ್ಮೆ ಹಾಕಿಕೊಳ್ಳಿ. ಉಳಿದ 10 ಲಕ್ಷದಲ್ಲಿ 61,500ನ್ನು ಮೊದಲ ದಿನವೇ ಉಳಿತಾಯ ಖಾತೆಯಲ್ಲಿ ಬಿಡಿ. ಬಡ್ಡಿಯೂ ಅದೇ ಖಾತೆಗೆ ಜಮಾ ಆಗುವಂತೆ ಮಾಡಿ, ಅಲ್ಲಿಂದ ಪ್ರತಿ ತಿಂಗಳ ಮೊದಲ ವಾರ 20,500 ನಿಮ್ಮ ಹೆಂಡತಿಯವರ ಖಾತೆಗೆ ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಬರೆದುಕೊಡಿ. ಮೊದಲ ತ್ರೈಮಾಸಿಕದ ಬಡ್ಡಿ ಖಾತೆ ತೆರೆದ ದಿನದಿಂದ ಲೆಕ್ಕವಾಗುವುದರಿಂದ ಕಡಿಮೆ ಬರುತ್ತದೆ, ಆ ಕೊರತೆಯನ್ನು ಈ ಮುಂಗಡವೇ ನೀಗಿಸುತ್ತದೆ. 61,500 ರೂಪಾಯಿ ಎಫ್‌ಡಿಯಲ್ಲಿಲ್ಲದೆ ಉಳಿತಾಯ ಖಾತೆಯಲ್ಲಿ ಇರುವುದರಿಂದ ವರ್ಷಕ್ಕೆ ಎರಡು ಮೂರು ಸಾವಿರ ಬಡ್ಡಿ ಹೋಗಬಹುದು. ಅದೇ 30 ಲಕ್ಷ 7%ರ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 36 ಸಾವಿರ ಹೋಗುತ್ತಿತ್ತು.

ಕೆಲವರು ಬೇರೆ ಬೇರೆ ತಿಂಗಳಲ್ಲಿ ಮೂರು ಖಾತೆ ತೆರೆದರೆ ಪ್ರತಿ ತಿಂಗಳೂ ಒಂದರಿಂದ ಬಡ್ಡಿ ಬರುತ್ತದೆ ಎಂದು ಸಲಹೆ ಕೊಡುತ್ತಾರೆ. ಈ ಯೋಜನೆಯಲ್ಲಿ ಅದು ನಡೆಯುವುದಿಲ್ಲ. ಖಾತೆ ಯಾವ ದಿನ ತೆರೆದರೂ ಬಡ್ಡಿ ಸಿಗುವುದು ಏಪ್ರಿಲ್, ಜುಲೈ, ಅಕ್ಟೋಬರ್ ಮತ್ತು ಜನವರಿಯ ಮೊದಲ ಕೆಲಸದ ದಿನದಂದೇ. ಬಂದ ಬಡ್ಡಿಯನ್ನು ತೆಗೆಯದೆ ಬಿಟ್ಟರೆ ಅದರ ಮೇಲೆ ಮತ್ತೆ ಬಡ್ಡಿ ಹುಟ್ಟುವುದಿಲ್ಲ, ಆದ್ದರಿಂದಲೇ ಉಳಿತಾಯ ಖಾತೆಗೆ ಜೋಡಿಸಬೇಕು.

ಆದರೂ 30 ಲಕ್ಷವನ್ನು ಒಂದೇ ಖಾತೆಯಲ್ಲಿ ಇಡದೆ ತಲಾ 10 ಲಕ್ಷದ ಮೂರು ಖಾತೆ ಮಾಡಿ ಎಂದು ನಾನೂ ಹೇಳುತ್ತೇನೆ, ಕಾರಣ ಮಾತ್ರ ಬೇರೆ. ಇಲ್ಲಿ ಅಸಲಿನ ಒಂದು ಭಾಗವನ್ನು ಹಿಂತೆಗೆಯಲು ಬರುವುದಿಲ್ಲ, ಬೇಕಾದರೆ ಇಡೀ ಖಾತೆಯನ್ನೇ ಮುಚ್ಚಬೇಕು. ಒಂದು ವರ್ಷ ದಾಟಿ ಎರಡು ವರ್ಷದೊಳಗೆ ಮುಚ್ಚಿದರೆ ಅಸಲಿನ 1.5%, ಎರಡು ವರ್ಷದ ನಂತರವಾದರೆ 1% ಕಡಿತವಾಗುತ್ತದೆ. ಮೂರನೇ ವರ್ಷ ಆಸ್ಪತ್ರೆಗೆ 8 ಲಕ್ಷ ಬೇಕಾಯಿತೆಂದುಕೊಳ್ಳಿ. ಮೂರು ಖಾತೆಗಳಿದ್ದರೆ ಒಂದನ್ನು ಮುಚ್ಚಿ 10 ಸಾವಿರ ಕಳೆದುಕೊಳ್ಳುತ್ತೀರಿ, ಒಂದೇ ಇದ್ದರೆ 30 ಸಾವಿರ ಹೋಗುತ್ತದೆ, ಜೊತೆಗೆ ಐದು ವರ್ಷಕ್ಕೆ ಕಟ್ಟಿಟ್ಟಿದ್ದ ದರವೂ ಹೋಗುತ್ತದೆ.

ಖಾತೆಗಳನ್ನು ನಿಮ್ಮ ಹೆಸರಿನಲ್ಲಿ ತೆರೆದು ನಿಮ್ಮ ಹೆಂಡತಿಯವರನ್ನು ಜಂಟಿಯಾಗಿ ಸೇರಿಸಿ. ಜಂಟಿ ಖಾತೆ ಗಂಡ ಹೆಂಡತಿಗೆ ಮಾತ್ರ ಸಾಧ್ಯ, ಇಡೀ ಮೊತ್ತ ಮೊದಲ ಹೆಸರಿನವರದೆಂದೇ ಲೆಕ್ಕ. ನಿಮಗೇನಾದರೂ ಆದರೆ, ಅವರಿಗೆ 60 ಆಗಿರುವುದರಿಂದ ಮತ್ತು ಅವರದೇ ಬೇರೆ ಖಾತೆ ಇಲ್ಲದಿದ್ದರೆ, ಅವಧಿ ಮುಗಿಯುವವರೆಗೆ ಮುಂದುವರಿಸಬಹುದು. ಅವರ ಹೆಸರಿನಲ್ಲಿ ಪ್ರತ್ಯೇಕ ಖಾತೆ ಬೇಕಾಗುವುದು ಹಣ 30 ಲಕ್ಷ ದಾಟಿದಾಗ. ತೆರಿಗೆ ಉಳಿಯುತ್ತದೆಂದು ಹೆಂಡತಿಯ ಹೆಸರಿಗೆ ಹಾಕುವುದರಲ್ಲಿ ಅರ್ಥವಿಲ್ಲ, ನಿಮ್ಮ ಹಣದ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ. ನಿಮ್ಮ ಮೊತ್ತಕ್ಕೆ ತೆರಿಗೆ ಬೀಳುವುದಿಲ್ಲ, ಆದರೆ ಬಡ್ಡಿ ವರ್ಷಕ್ಕೆ ಒಂದು ಲಕ್ಷ ಮೀರುವುದರಿಂದ, ತೆರಿಗೆ ಮುರಿದುಕೊಳ್ಳಬಾರದೆಂಬ ಘೋಷಣಾ ಪತ್ರವನ್ನು ಪ್ರತಿ ಏಪ್ರಿಲ್‌ನಲ್ಲಿ ಕೊಡಲೇಬೇಕು.

ಎಫ್‌ಡಿಗೆ ನಿಮ್ಮ ಮನೆಯಲ್ಲಿ ಜಾಗ ಇದ್ದೇ ಇದೆ, ಅದು ತಿಂಗಳ ಆದಾಯದ ಜಾಗವಲ್ಲ. ಉಳಿಯುವ ಒಂಬತ್ತು ಲಕ್ಷ ಚಿಲ್ಲರೆಯನ್ನು ಮೂರು ಬ್ಯಾಂಕುಗಳಲ್ಲಿ ಹಂಚಿ ಇಡಿ, ಏಕೆಂದರೆ ಠೇವಣಿ ವಿಮೆ ಇರುವುದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿಯೂ ಸೇರಿ 5 ಲಕ್ಷದವರೆಗೆ ಮಾತ್ರ. ಪ್ರತಿ ಬ್ಯಾಂಕಿನಲ್ಲೂ ಅದನ್ನು ಒಂದೂವರೆ, ಎರಡು ಲಕ್ಷದ ತುಂಡುಗಳಾಗಿ ಮಾಡಿದರೆ ಆಸ್ಪತ್ರೆಗೋ ಮನೆ ರಿಪೇರಿಗೋ ಬೇಕಾದಾಗ ಒಂದನ್ನು ಮಾತ್ರ ಮುರಿಸಬಹುದು. ಇದರ ಬಡ್ಡಿಯನ್ನು ತಿಂಗಳಿಗೆ ತೆಗೆದುಕೊಳ್ಳದೆ ಅಸಲಿಗೇ ಸೇರಲು ಬಿಡಿ. ಹಿರಿಯ ನಾಗರಿಕರ ಯೋಜನೆಯ 20,500 ಐದನೇ ವರ್ಷದಲ್ಲೂ 20,500 ಆಗಿಯೇ ಇರುತ್ತದೆ, ಬೆಲೆಗಳು ಹಾಗೆ ಇರುವುದಿಲ್ಲ. ಆ ಹೊತ್ತಿಗೆ ತಿಂಗಳಿಗೆ ಬೇಕಾಗುವ ಎರಡು ಮೂರು ಸಾವಿರದ ಕೊರತೆಯನ್ನು ಈ ಬೆಳೆದ ಎಫ್‌ಡಿಯಿಂದ ತುಂಬಿಸಿಕೊಳ್ಳಬಹುದು.