ಹೆಸರು ಉಳಿದು ವಿಭಕ್ತಿ ಜಾರಿದಾಗ

ಪ್ರಶ್ನೆ: ಪಾರ್ಶ್ವವಾಯು ಆಗಿ ಐದು ತಿಂಗಳಾಯಿತು. ಅಡಿಕೆ ಬೆಳೆಗಾರರಾದ ನಮ್ಮ ತಂದೆ ಈಗ "ಕೊನೆಗಾರ... ನಾಳೆ... ತೋಟ... ಕತ್ತಿ" ಎಂದಷ್ಟೇ ಹೇಳುತ್ತಾರೆ. ಹೆಸರುಗಳೆಲ್ಲ ಸರಿಯಾಗಿವೆ, ವಾಕ್ಯ ಮಾತ್ರ ಇಲ್ಲ. ನಾವು ಹೇಳುವುದು ಅವರಿಗೆ ಪೂರ್ತಿ ತಿಳಿಯುತ್ತದೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ನೀವು ಬರೆದಿರುವ ನಾಲ್ಕು ಪದಗಳನ್ನು ಮತ್ತೊಮ್ಮೆ ನೋಡಿ. ಒಂದಕ್ಕೂ ವಿಭಕ್ತಿ ಪ್ರತ್ಯಯವಿಲ್ಲ, ಕ್ರಿಯಾಪದವೂ ಇಲ್ಲ. ಆದರೆ ನಾಳೆಯ ಕೊಯ್ಲಿನ ಯೋಚನೆ ಅವರ ತಲೆಯಲ್ಲಿ ಸ್ಪಷ್ಟವಾಗಿದೆ. ಇದಕ್ಕೆ ಅಗ್ರಾಮ್ಯಾಟಿಸಂ ಎನ್ನುತ್ತೇವೆ. ಸಾಮಾನ್ಯವಾಗಿ ಮಿದುಳಿನ ಎಡ ಮುಂಭಾಗಕ್ಕೆ ಪೆಟ್ಟಾದಾಗ ಬರುವ ಬ್ರೋಕಾ ಅಫೇಸಿಯಾ ಎಂಬ ಮಾತಿನ ತೊಂದರೆಯಲ್ಲಿ ಇದು ಕಾಣುತ್ತದೆ. ಇದರ ತಿರುವುಮುರುವು ಅನೋಮಿಕ್ ಅಫೇಸಿಯಾ. ಅಲ್ಲಿ ರೋಗಿ "ಅದು, ಅಡಿಕೆಯನ್ನು ಕೊಯ್ಯುವುದಕ್ಕೆ ಇಟ್ಟುಕೊಳ್ಳುತ್ತಾರಲ್ಲ, ಅದು" ಎಂದು ವಾಕ್ಯವನ್ನು ಸಲೀಸಾಗಿ ಕಟ್ಟುತ್ತಾರೆ, 'ಕತ್ತಿ' ಎಂಬ ಹೆಸರೊಂದೇ ಸಿಗುವುದಿಲ್ಲ. ಒಬ್ಬರಲ್ಲಿ ಪದ ಉಳಿದು ವ್ಯಾಕರಣ ಕೆಡುತ್ತದೆ, ಇನ್ನೊಬ್ಬರಲ್ಲಿ ವ್ಯಾಕರಣ ಉಳಿದು ಪದ ಕೈಕೊಡುತ್ತದೆ. ಇವೆರಡನ್ನೂ ಮಿದುಳು ಒಂದೇ ದಾರಿಯಲ್ಲಿ ನಡೆಸುವುದಿಲ್ಲ ಎನ್ನಲು ಈ ಜೋಡಿಯೇ ಬಲವಾದ ಆಧಾರ.

ಕ್ರಿಯಾಪದ ಬಂದಾಗ ಕಿವಿಗೊಟ್ಟು ಕೇಳಿ. 'ತೋಟ' ಎಂಬುದು ಪ್ರತ್ಯಯವಿಲ್ಲದೆಯೂ ಪೂರ್ಣ ಪದ. 'ಬರು' ಎಂಬ ಬರಿಯ ಧಾತು ಮಾತಿನಲ್ಲಿ ಹಾಗೆ ನಿಲ್ಲದು. ಇಂಥ ಕಡೆ ಪ್ರತ್ಯಯ ಬಿಟ್ಟುಹೋಗುವ ಬದಲು ತಪ್ಪು ಪ್ರತ್ಯಯ ಬರಬಹುದು: "ಕೊನೆಗಾರ ಬಂತು" ಎಂದಾರು. ಹೀಬ್ರೂ, ಇಟಾಲಿಯನ್ ಭಾಷಿಕ ರೋಗಿಗಳಲ್ಲೂ ಇಂಥ ಅದಲುಬದಲು ದಾಖಲಾಗಿದೆ. ದಯವಿಟ್ಟು ಇದನ್ನು ಮರೆಗುಳಿತನ ಎಂದುಕೊಳ್ಳಬೇಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. "ಅಡಿಕೆಯನ್ನು ಕೊನೆಗಾರ ಕೊಯ್ದ" ಎಂದರೆ ಅವರಿಗೆ ತಿಳಿಯುತ್ತದೆ, ಏಕೆಂದರೆ ಅಡಿಕೆ ಮನುಷ್ಯನನ್ನು ಕೊಯ್ಯಲಾರದು. ಅಲ್ಲಿ ಪದಗಳ ಅರ್ಥವೇ ಸಾಕು. "ಅಣ್ಣನನ್ನು ತಮ್ಮ ತಳ್ಳಿದ" ಎಂದಾಗ ಹಾಗಲ್ಲ. ಯಾರು ಯಾರನ್ನು ತಳ್ಳಿದರೆಂದು ಹೇಳುವುದು 'ಅನ್ನು' ಒಂದೇ. ಎರಡು ಚಿತ್ರ ಬರೆದು, ಸರಿಯಾದುದನ್ನು ತೋರಿಸಲು ಹೇಳಿ. ಹೆಸರುಗಳನ್ನು ಅದಲುಬದಲು ಮಾಡಿ ಹತ್ತು ಸಲ ಕೇಳಿದಾಗ ಐದಾರು ಮಾತ್ರ ಸರಿಯಾದರೆ ಅವರು ಊಹಿಸುತ್ತಿದ್ದಾರೆ ಎಂದರ್ಥ. ಸಂಶೋಧಕರಾದ ಕರಮಾತ್ಸಾ ಮತ್ತು ಜುರಿಫ್ 1976ರಲ್ಲಿ ಇಂಗ್ಲಿಷ್ ಭಾಷಿಕ ರೋಗಿಗಳಲ್ಲಿ ಕಂಡದ್ದು ಇದನ್ನೇ.

ಹಾಗೆಂದು ವ್ಯಾಕರಣ ಅಳಿಸಿಹೋಗಿದೆ ಎಂದು ನಾನು ಹೇಳಲಾರೆ. 1983ರ ಇನ್ನೊಂದು ಅಧ್ಯಯನದಲ್ಲಿ ಇಂಥದೇ ರೋಗಿಗಳು ವಾಕ್ಯ ಸರಿಯೋ ತಪ್ಪೋ ಎಂಬುದನ್ನು ಚೆನ್ನಾಗಿಯೇ ಗುರುತಿಸಿದರು. ನಿಯಮದ ಅರಿವು ಉಳಿದಿರುತ್ತದೆ. ಮಾತಿನ ವೇಗದಲ್ಲಿ ಅದನ್ನು ಬಳಸಿ ಯಾರು ಮಾಡಿದರು, ಯಾರಿಗಾಯಿತು ಎಂದು ಜೋಡಿಸುವುದು ಕಷ್ಟವಾಗುತ್ತದೆ.

ಆದ್ದರಿಂದ ಮನೆಯಲ್ಲಿ ಕರ್ತೃವನ್ನು ಮೊದಲಿಟ್ಟು ಚಿಕ್ಕ ವಾಕ್ಯದಲ್ಲಿ ಮಾತಾಡಿ. ಅವರು "ಕತ್ತಿ" ಎಂದರೆ, ಅವರಿಗೆ ಬಂದಿರುವ ಆ ಪದವನ್ನೇ ಮತ್ತೆ ಹೇಳಿಸಬೇಡಿ. "ಕತ್ತಿಯನ್ನು ಯಾರು ತರಬೇಕು?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ವಾಕ್ ಚಿಕಿತ್ಸಕರ ಬಳಿ ಹೋಗುವಾಗ ಅವರ ಐದು ನಿಮಿಷದ ಸಹಜ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಹೋಗಿ.