ಕೀಟೋನ್ ಇದ್ದ ಸೀರಮ್‌ನಲ್ಲಿ ಕ್ರಿಯಾಟಿನಿನ್: 2.6 ನಂಬಬೇಕೋ, 1.1 ನಂಬಬೇಕೋ?

ಪ್ರಶ್ನೆ: ಶಹಾಪುರದಾಗ ನಮ್ಮದು ಸಣ್ಣ ಲ್ಯಾಬ್ ರೀ. ಸೆಮಿ ಆಟೋ ಮಷೀನ್, ಜಾಫೆ ಕಿಟ್. ಶುಗರ್ 480, ಮೂತ್ರದಾಗ ಕೀಟೋನ್ 3+ ಇದ್ದ ಪೇಶೆಂಟಿಗೆ ಕ್ರಿಯಾಟಿನಿನ್ 2.6 ಬಂತು, ಯೂರಿಯಾ 38. ಅದೇ ಸೀರಮ್ ಮರುದಿನ ಕಲಬುರಗಿಗೆ ಕಳಿಸಿದ್ರ ಎಂಜೈಮ್ಯಾಟಿಕ್‌ನಾಗ 1.1 ಅಂತ ಬಂತು. ಡಾಕ್ಟರ್ ಸಿಟ್ಟಾಗ್ಯಾರ. ತಪ್ಪು ಯಾರದು?

ನಿಮ್ಮ ಪ್ರಶ್ನೆಯಲ್ಲಿ ಉತ್ತರದ ಅರ್ಧ ಭಾಗ ಆ ಯೂರಿಯಾ 38ರಲ್ಲೇ ಇದೆ. ಶುಗರ್ ಏರಿ, ನೀರು ಬತ್ತಿ ಬಂದ ಪೇಶೆಂಟಿನ ಕಿಡ್ನಿ ನಿಜವಾಗಿಯೂ 2.6ರ ಮಟ್ಟಕ್ಕೆ ಸೋತಿದ್ದರೆ ಯೂರಿಯಾ ಸಾಮಾನ್ಯವಾಗಿ ಅದರ ಜೊತೆಗೇ ಮೇಲೇರಿರುತ್ತದೆ. ಕ್ರಿಯಾಟಿನಿನ್ ಒಂದೇ ಜಿಗಿದು ಯೂರಿಯಾ ಕೂತಲ್ಲೇ ಕೂತಿದ್ದರೆ, ಕಿಡ್ನಿಗಿಂತ ಮೊದಲು ಟೆಸ್ಟ್ ಟ್ಯೂಬನ್ನು ಅನುಮಾನಿಸಬೇಕು. (ಇಲ್ಲಿ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ.)

ಜಾಫೆ ವಿಧಾನ 1886ರದ್ದು. ಕ್ಷಾರದಲ್ಲಿ ಪಿಕ್ರಿಕ್ ಆಮ್ಲ ಕ್ರಿಯಾಟಿನಿನ್ ಜೊತೆ ಸೇರಿ ಕಿತ್ತಳೆ-ಕೆಂಪು ಬಣ್ಣ ಕೊಡುತ್ತದೆ, ಅದನ್ನು 500 ನ್ಯಾನೋಮೀಟರ್ ಆಸುಪಾಸಿನಲ್ಲಿ ಓದುತ್ತೇವೆ. ತೊಂದರೆ ಏನೆಂದರೆ ಪಿಕ್ರೇಟ್‌ಗೆ ಕ್ರಿಯಾಟಿನಿನ್ ಒಂದೇ ಗೆಳೆಯನಲ್ಲ. ಕೀಟೋನ್‌ಗಳಲ್ಲೊಂದಾದ ಅಸಿಟೋಅಸಿಟೇಟ್ ಜೊತೆಗೂ ಅದು ಬಣ್ಣ ಕಟ್ಟುತ್ತದೆ, ಅದೂ ಬಹಳ ಬೇಗ, ಹೆಚ್ಚಿನ ಪಾಲು ಮೊದಲ 20 ಸೆಕೆಂಡಿನಲ್ಲೇ. ಪ್ರೋಟೀನಿನಂಥವು ನಿಧಾನಸ್ಥರು, 80 ಸೆಕೆಂಡು ದಾಟಿದ ಮೇಲೆ ಜೋರು ತೋರಿಸುತ್ತವೆ. ಹಾಗಾಗಿಯೇ ಕೈನೆಟಿಕ್ ಕಿಟ್‌ಗಳು ಈ ಎರಡರ ನಡುವಿನ ಕಿಂಡಿಯಲ್ಲಿ ಓದಲು ನೋಡುತ್ತವೆ. ಕಿಂಡಿ ಎಷ್ಟೇ ಜಾಣತನದಿಂದ ಇಟ್ಟಿದ್ದರೂ ಕೀಟೋನ್ ಬಹಳ ಇದ್ದಾಗ ಒಂದಿಷ್ಟು ಒಳಗೆ ನುಸುಳಿಯೇ ನುಸುಳುತ್ತದೆ.

ಸೆಮಿ ಆಟೋದಲ್ಲಿ ಈ ನುಸುಳುವಿಕೆ ಹೆಚ್ಚು. ಫ್ರಿಜ್ಜಿನಿಂದ ತೆಗೆದ ರೀಏಜೆಂಟ್ 37 ಡಿಗ್ರಿಗೆ ಬರುವ ಮೊದಲೇ ಸೀರಮ್ ಹಾಕಿದರೆ, ಅಥವಾ ಕರೆಂಟ್ ಹೋಗಿ ಬಂದು ಫ್ಲೋ ಸೆಲ್ ಇನ್ನೂ ಬೆಚ್ಚಗಾಗದೆ ಇದ್ದರೆ, 20 ಸೆಕೆಂಡಿನಲ್ಲಿ ಮುಗಿಯಬೇಕಾದ ಅಸಿಟೋಅಸಿಟೇಟ್ ಕ್ರಿಯೆ ಎಳೆದುಕೊಂಡು ಓದುವ ಹೊತ್ತಿಗೂ ನಡೆಯುತ್ತಿರುತ್ತದೆ. ಸ್ಟ್ಯಾಂಡರ್ಡನ್ನೂ ಅದೇ ಹೊತ್ತಿಗೆ ಓದಿದ್ದೇವಲ್ಲ, ಸರಿಹೋಯಿತು ಎನ್ನುವ ಹಾಗಿಲ್ಲ. ಸ್ಟ್ಯಾಂಡರ್ಡಿನಲ್ಲಿ ಕೀಟೋನ್ ಇಲ್ಲ, ಆ ತಪ್ಪು ಅದರಲ್ಲಿ ಕಾಣುವುದೇ ಇಲ್ಲ. ಕಂಟ್ರೋಲ್ ಕೂಡ ಇದೇ ಕಾರಣಕ್ಕೆ ಚೆನ್ನಾಗಿಯೇ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. 2 ಮಿಲಿಗ್ರಾಂ ಸ್ಟ್ಯಾಂಡರ್ಡಿನ ಎರಡು ಓದುಗಳ ವ್ಯತ್ಯಾಸ 0.040 ಇತ್ತೆನ್ನಿ. ಪೇಶೆಂಟಿನದು 0.052. ಭಾಗಿಸಿ 2ರಿಂದ ಗುಣಿಸಿದರೆ ನಿಮ್ಮ 2.6. ನಿಜವಾದ ಕ್ರಿಯಾಟಿನಿನ್ 1.1 ಆಗಿದ್ದರೆ ಅದರ ಪಾಲು 0.022 ಮಾತ್ರ, ಉಳಿದ 0.030 ಬೇರೆಯವರದು. ಅಂದರೆ ಇಡೀ ಅಂಕಿ ಅಬ್ಸಾರ್ಬನ್ಸಿನ ಎರಡನೇ, ಮೂರನೇ ದಶಮಾಂಶದ ಮೇಲೆ ನಿಂತಿದೆ. ಮಷೀನ್ ತೋರಿಸುವ ಮೊದಲ ಓದನ್ನೂ ಗಮನಿಸುತ್ತ ಬನ್ನಿ. ಅದೇ ಬ್ಯಾಚಿನ ಬೇರೆ ಸೀರಮ್‌ಗಳಿಗಿಂತ ಶುರುವಿನಲ್ಲೇ ಎದ್ದು ಕಾಣುವಷ್ಟು ಹೆಚ್ಚಿದ್ದರೆ, ಬೇಗ ಓಡುವ ಯಾವುದೋ ಒಂದು ಅದರಲ್ಲಿದೆ. ಸೀರಮ್ ಹಳದಿಯೋ ಹಾಲಿನಂತೆಯೋ ಇದ್ದರೂ ಮೊದಲ ಓದು ಏರುತ್ತದೆ, ಅದನ್ನು ಕಣ್ಣಲ್ಲೇ ನೋಡಿ ಬಿಟ್ಟುಬಿಡಿ.

ಸೀರಮ್ ಡೈಲ್ಯೂಟ್ ಮಾಡಿ ನೋಡುವ ರೂಢಿ ಇಲ್ಲಿ ಹೆಚ್ಚು ಉಪಯೋಗವಿಲ್ಲ, ಕ್ರಿಯಾಟಿನಿನ್ ಜೊತೆ ಅಸಿಟೋಅಸಿಟೇಟ್ ಕೂಡ ಅದೇ ಪ್ರಮಾಣದಲ್ಲಿ ತೆಳುವಾಗುತ್ತದೆ. ‘ಕಾಂಪೆನ್ಸೇಟೆಡ್ ಜಾಫೆ’ ಎಂದು ಬರುವ ಕಿಟ್‌ಗಳು ಪ್ರೋಟೀನಿನ ಪಾಲೆಂದು ಪ್ರತಿ ಸೀರಮ್‌ನಿಂದ ಒಂದು ನಿಗದಿತ ಅಂಕಿ, ಸುಮಾರು 0.2ರಿಂದ 0.3, ಕಳೆಯುತ್ತವೆ. ಒಂದೂವರೆಯಷ್ಟು ಏರಿದಲ್ಲಿ ಅದು ಯಾವ ಮೂಲೆಗೆ?

ಇನ್ನೊಂದು ಮಾತು. ಸ್ಟ್ರಿಪ್ ತೋರಿಸುವುದೂ ಮುಖ್ಯವಾಗಿ ಅಸಿಟೋಅಸಿಟೇಟನ್ನೇ, ಪಿಕ್ರೇಟ್ ಹಿಡಿಯುವುದೂ ಅದನ್ನೇ. ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎರಡಕ್ಕೂ ಕಾಣುವುದಿಲ್ಲ. ಇನ್ಸುಲಿನ್ ಹತ್ತಿದ ಮೇಲೆ ಅದು ಅಸಿಟೋಅಸಿಟೇಟ್ ಆಗಿ ಬದಲಾಗುತ್ತದೆ. ಹಾಗಾಗಿ ಪೇಶೆಂಟ್ ಸುಧಾರಿಸುತ್ತಿರುವಾಗಲೇ ಜಾಫೆ ಕ್ರಿಯಾಟಿನಿನ್ ಕೆಲವು ತಾಸು ಇಳಿಯದೆ ನಿಲ್ಲಬಹುದು. ಡಾಕ್ಟರಿಗೆ ಇದನ್ನು ಮೊದಲೇ ಹೇಳಿಡಿ.

ಹಾಗಾದರೆ 1.1 ಸರಿಯೇ? ಬಹುಶಃ ಹೌದು, ಆದರೆ ಕಣ್ಣು ಮುಚ್ಚಿ ಒಪ್ಪಬೇಡಿ. ಎಂಜೈಮ್ಯಾಟಿಕ್ ವಿಧಾನದಲ್ಲಿ ಕ್ರಿಯಾಟಿನಿನ್ ಮೊದಲು ಕ್ರಿಯಾಟಿನ್ ಆಗುತ್ತದೆ, ಆಮೇಲೆ ಸಾರ್ಕೋಸಿನ್, ಸಾರ್ಕೋಸಿನ್‌ನಿಂದ ಹೈಡ್ರೋಜನ್ ಪೆರಾಕ್ಸೈಡ್. ಕೊನೆಗೆ ಪೆರಾಕ್ಸಿಡೇಸ್ ಅದರಿಂದ ಬಣ್ಣ ಕಟ್ಟುತ್ತದೆ. ಅಸಿಟೋಅಸಿಟೇಟ್ ಈ ಸಾಲಿನಲ್ಲಿ ಎಲ್ಲಿಯೂ ಕೈಹಾಕುವುದಿಲ್ಲ. ಕೊನೆಯ ಮೆಟ್ಟಿಲೇ ಅದರ ದುರ್ಬಲ ಜಾಗ: ಪೆರಾಕ್ಸೈಡನ್ನೋ ಬಣ್ಣವನ್ನೋ ನುಂಗುವ ಔಷಧಿ ರಕ್ತದಲ್ಲಿದ್ದರೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ಡೋಪಮಿನ್, ಡೋಬ್ಯುಟಮಿನ್ ಹನಿಸುತ್ತಿರುವ ಕೈಯಿಂದಲೇ ರಕ್ತ ತೆಗೆದರೆ ಹೀಗಾಗುತ್ತದೆ. ರಕ್ತಸ್ರಾವಕ್ಕೆ ಕೊಡುವ ಎಟಾಮ್ಸಿಲೇಟ್ ಇಂಥದ್ದೇ. ಶುಗರ್ ಪೇಶೆಂಟಿನ ವಿಷಯದಲ್ಲಿ ನಾನು ತಪ್ಪದೆ ಕೇಳಿಸುವ ಮಾತ್ರೆ ಕ್ಯಾಲ್ಸಿಯಂ ಡೋಬಿಸಿಲೇಟ್: ಕಣ್ಣಿನ ರೆಟಿನಾಕ್ಕೆ, ಮೂಲವ್ಯಾಧಿಗೆ ಬರೆಯುತ್ತಾರೆ. ಚೀಟಿಯಲ್ಲಿ ಅದಿದ್ದರೆ ಆ 1.1 ಕೂಡ ಅನುಮಾನದ್ದೇ. ಹಿಡಿಯುವ ದಾರಿ ಇದೆ. ಯೂರಿಕ್ ಆಸಿಡ್, ಟ್ರೈಗ್ಲಿಸರೈಡ್ ಕಿಟ್‌ಗಳೂ ಸಾಮಾನ್ಯವಾಗಿ ಇದೇ ಪೆರಾಕ್ಸಿಡೇಸ್ ಬಣ್ಣದ ಮೇಲೆ ನಡೆಯುತ್ತವೆ. ಕೀಟೋನ್ ಏರಿದಾಗ ಯೂರಿಕ್ ಆಸಿಡ್ ಏರುವುದು ವಾಡಿಕೆ. ಅದು ತೀರಾ ಕೆಳಗೆ ಬಂದಿದ್ದರೆ ಬಣ್ಣವನ್ನು ಯಾರೋ ಕದಿಯುತ್ತಿದ್ದಾರೆ.

ಕಾಮಣಿ ಸೀರಮ್‌ನಲ್ಲಿ ಕಥೆ ತಿರುಗಾಮುರುಗಾ. ಕ್ಷಾರದಲ್ಲಿ ಬಿಲಿರುಬಿನ್ ಬಿಲಿವರ್ಡಿನ್ ಆಗುತ್ತ ಹೋದಂತೆ ಓದುವ ತರಂಗದಲ್ಲಿ ಬಣ್ಣ ಇಳಿಯುತ್ತದೆ, ಜಾಫೆ ಅಂಕಿ ಸುಳ್ಳಾಗಿ ಕಮ್ಮಿ ಬರುತ್ತದೆ. ಕಾಮಣಿಯೂ ಕೀಟೋನೂ ಒಂದೇ ಸೀರಮ್‌ನಲ್ಲಿದ್ದರೆ ಎರಡು ತಪ್ಪು ಸೇರಿ ಒಪ್ಪುವಂಥ ಅಂಕಿಯೂ ಬಂದೀತು. ಸೆಫಾಕ್ಸಿಟಿನ್ ಜಾಫೆಯನ್ನು ಏರಿಸುತ್ತದೆ, ಆದರೆ ದಿನಾ ಕೊಡುವ ಸೆಫ್‌ಟ್ರಯಾಕ್ಸೋನ್ ಮೇಲೆ ಅಪವಾದ ಹೊರಿಸಬೇಡಿ. ಕೋಟ್ರೈಮಾಕ್ಸಜೋಲ್‌ನ ಲೆಕ್ಕ ಬೇರೆ. ಅದರಲ್ಲಿರುವ ಟ್ರೈಮೆಥೊಪ್ರಿಮ್ ಕಿಡ್ನಿ ಕ್ರಿಯಾಟಿನಿನ್ ಹೊರಹಾಕುವುದನ್ನೇ ತಡೆಯುತ್ತದೆ, ಆದ್ದರಿಂದ ಎರಡೂ ವಿಧಾನದಲ್ಲಿ ಏರುತ್ತದೆ, ಅದು ಕಿಟ್ಟಿನ ತಪ್ಪಲ್ಲ.

ನಿಮ್ಮ ಹೋಲಿಕೆಯಲ್ಲೂ ಒಂದು ತೂತಿದೆ. ಸೀರಮ್ ಮರುದಿನ ಹೋಯಿತು ಅಂದಿರಿ. ಅಸಿಟೋಅಸಿಟೇಟ್ ಇಟ್ಟಲ್ಲೇ ಒಡೆದು ಅಸಿಟೋನ್ ಆಗುತ್ತದೆ, ಅಸಿಟೋನ್ ಹಾರಿಹೋಗುತ್ತದೆ. ಬಿಸಿಲಲ್ಲಿ ಬಸ್ಸಿನ ಡ್ಯಾಶ್‌ಬೋರ್ಡ್ ಮೇಲೆ ಹೋದ ಸೀರಮನ್ನು ಅಲ್ಲಿ ಜಾಫೆಯಲ್ಲೇ ಮಾಡಿದ್ದರೂ 2.6ಕ್ಕಿಂತ ಕಮ್ಮಿ ಬರುತ್ತಿತ್ತು. ಮುಂದಿನ ಸಲ ಕೀಟೋನ್ 2+ ಅಥವಾ ಹೆಚ್ಚು ಕಂಡ ಕೂಡಲೇ ಸೀರಮ್ ಎರಡು ಭಾಗ ಮಾಡಿ ಮುಚ್ಚಳ ಬಿಗಿ ಹಾಕಿ. ಒಂದನ್ನು ಅವತ್ತೇ ಐಸ್ ಪ್ಯಾಕಿನಲ್ಲಿ ಕಳಿಸಿ, ಇನ್ನೊಂದು ನಿಮ್ಮ ಫ್ರಿಜ್ಜಿನಲ್ಲಿರಲಿ. ವರದಿಯಲ್ಲಿ ಅಂಕಿ ತಿದ್ದಬೇಡಿ. “ಜಾಫೆ ವಿಧಾನ, ಕೀಟೋನ್ ಪಾಸಿಟಿವ್, ಎಂಜೈಮ್ಯಾಟಿಕ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ” ಎಂದು ಕೆಳಗೆ ಬರೆದು, ಡಾಕ್ಟರಿಗೆ ಫೋನ್ ಮಾಡಿ ಯೂರಿಯಾ, ಪೊಟ್ಯಾಶಿಯಂ, ಮೂತ್ರ ಎಷ್ಟು ಹೋಗುತ್ತಿದೆ ಎಂಬುದರ ಜೊತೆ ಹೋಲಿಸಿ ನೋಡಲು ಹೇಳಿ. ಇಂಥ ಪೇಶೆಂಟುಗಳಲ್ಲಿ ಕಿಡ್ನಿ ನಿಜವಾಗಿ ಸೋತಿರುವುದೂ ಅಪರೂಪವಲ್ಲ, ಬರೀ ಕೀಟೋನಿನ ಆಟ ಎಂದು ಫೋನಿನಲ್ಲಿ ನೀವೇ ತೀರ್ಪು ಕೊಡಬೇಡಿ.